ಬಾಯಾರಿಕೆಗೆ ಮಡಿಯಿಲ್ಲ

ಮುಂಬೈ ಫೋರ್ಟಿನ ಆ ಲಾಡ್ಜಿನಲ್ಲಿ ನಾನು ಎರಡು ರಾತ್ರಿ ಇದ್ದು ಹೊರಡಬೇಕಿತ್ತು. ಐದು ರಾತ್ರಿಯಾಯಿತು. ಒಂದು ಕಚೇರಿಯಲ್ಲಿ ನನ್ನ ಕಾಗದಕ್ಕೆ ಬೀಳಬೇಕಾಗಿದ್ದ ಒಂದು ಸೀಲು ದಿನಾ ನಾಳೆಗೆ ಹೋಗುತ್ತಿತ್ತು. ಬೈಂದೂರಿಗೆ ವಾಪಸ್ ಹೋಗಿ ಮತ್ತೆ ಬರುವಷ್ಟು ತಾಳ್ಮೆ ಇಲ್ಲ, ಕೂತಲ್ಲೇ ಕೂರುವಷ್ಟು ಶಾಂತಿಯೂ ಇಲ್ಲ. ಬೆಳಿಗ್ಗೆ ಕಚೇರಿ, ಆಮೇಲೆ ಸುಮ್ನೆ ಓಣಿ ಓಣಿ ತಿರುಗಾಟ.

ಮೂರನೇ ದಿನ ಬೆಳಿಗ್ಗೆ ಲಾಡ್ಜಿನ ಮೆಟ್ಟಿಲ ಮೇಲೆ ಗಲಾಟೆ ಕೇಳಿಸಿತು. ಗಲಾಟೆ ಅಂದರೆ ಜಗಳವಲ್ಲ. ಒಬ್ಬ ಅರಬ್ ಅಜ್ಜ, ಜೊತೆಗೆ ಇಪ್ಪತ್ತರ ಆಸುಪಾಸಿನ ಇಬ್ಬರು ಹುಡುಗರು. ಎದುರಿಗೆ ಲಾಡ್ಜಿನ ಹುಡುಗ, ಕೈಯಲ್ಲಿ ತಣ್ಣಗಿನ ನೀರಿನ ಬಾಟಲಿ. ಅಜ್ಜ ಬೇಡ ಅನ್ನುತ್ತಾರೆ, ಹುಡುಗ ಇನ್ನಷ್ಟು ತಣ್ಣಗಿರುವುದನ್ನು ತರುತ್ತಾನೆ. ಮೂರನೇ ಬಾಟಲಿಗೆ ನಾನು ಬಾಯಿ ಹಾಕಿದೆ. "ಮಾಯ್ ಹಾರ್ ಕೇಳ್ತಿದ್ದಾರೆ ಮಾರಾಯ, ಬಿಸಿ ನೀರು. ಥರ್ಮಾಸ್ ತುಂಬಿಸಿ ಕೊಡು, ಕಾಫಿ ಮಾಡಿಕೊಳ್ತಾರೆ."

ಅಜ್ಜ ತಿರುಗಿ ನನ್ನನ್ನು ನೋಡಿದರು. ನನ್ನ ಅರಬ್ಬಿ ಮಸ್ಕತ್ತಿನ ಗೋದಾಮಿನಲ್ಲಿ ಕಲಿತದ್ದು. ಹದಿನಾರು ವರ್ಷ ಅಲ್ಲಿ ಸಿಮೆಂಟು, ಟೈಲ್ಸು, ಪೈಪುಗಳ ಲೆಕ್ಕ ಬರೆದವನು ನಾನು. ಮಾತಾಡುವುದು ಸರಾಗ, ಓದುವುದು ನಿಧಾನ, ಬರೆಯುವುದು ಎರಡನೇ ಕ್ಲಾಸಿನ ಮಕ್ಕಳ ಹಾಗೆ. ಅವರು ನಿಜ್ವಾ ಕಡೆಯವರಂತೆ. ಅಜ್ಜನ ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ. ಒಂದು ಕಣ್ಣು ಆಗಿದೆ, ಇನ್ನೊಂದಕ್ಕೆ ವಾರ ಕಾಯಬೇಕು. ಹುಡುಗರಲ್ಲಿ ಒಬ್ಬ ಮೊಮ್ಮಗ, ಇನ್ನೊಬ್ಬ ಅವನ ಗೆಳೆಯ. ಇಬ್ಬರೂ ಮಳೆ ನೋಡಲಿಕ್ಕೆ ಬಂದವರು. ನಗಬೇಡಿ. ಕೊಲ್ಲಿಯ ಎಷ್ಟೋ ಕುಟುಂಬಗಳು ಮುಂಬೈಗೆ ಮಳೆಗಾಲದಲ್ಲಿ ಬರುವುದು ಅದಕ್ಕೇ. ನಾವು ಕೊಡೆ ಹಿಡಿದು ಬೈಯುತ್ತಾ ಓಡಾಡುವ ಮಳೆಯಲ್ಲಿ ಅವರು ಸಮುದ್ರದ ಕಟ್ಟೆ ಮೇಲೆ ಕೂತು ನೆನೆಯುತ್ತಾರೆ.

ಕಾಫಿಗೆ ಕರೆದರು. ಏಲಕ್ಕಿ ಹಾಕಿದ, ಸಕ್ಕರೆ ಇಲ್ಲದ, ಚಿಕ್ಕ ಬಟ್ಟಲಿನ ಕಾಫಿ, ಜೊತೆಗೆ ಖರ್ಜೂರ. ಕೊಲ್ಲಿಯಲ್ಲಿ ನನ್ನಂಥವರನ್ನು ಎಲ್ಲರೂ 'ರಫೀಖ್' ಅಂತ ಕರೆಯುತ್ತಿದ್ದರು. ಅದರ ಅರ್ಥ ಗೆಳೆಯ ಅಂತಲೇ. ಆದರೆ ಕರೆಯುವ ದನಿ 'ಏ ಹುಡುಗಾ' ಅಂದ ಹಾಗೆ. ಅಜ್ಜ ಹಾಗೆ ಕರೆಯಲಿಲ್ಲ, 'ವಲದಿ' ಅಂದರು, ಮಗನೇ ಅಂತ. ನಾನು 'ಅಮ್ಮಿ' ಅಂದೆ. ಅರಬ್ಬಿಯಲ್ಲಿ ಅದು ಚಿಕ್ಕಪ್ಪ, ದೊಡ್ಡಪ್ಪ. ಕನ್ನಡದ ಕಿವಿಗೆ ಅಮ್ಮನ ಹಾಗೆ ಕೇಳುತ್ತದೆ, ಹದಿನಾರು ವರ್ಷವಾದರೂ ನನಗೆ ಅದು ಹೋಗಿಲ್ಲ.

ಅಜ್ಜನಿಗೆ ಮುಂಬೈ ಹೊಸತಲ್ಲ. ಅವರ ಅಜ್ಜ ಹಾಯಿ ಹಡಗಿನಲ್ಲಿ ಖರ್ಜೂರ ತಂದು ಇಲ್ಲಿಂದ ಅಕ್ಕಿ, ಮರ ಒಯ್ಯುತ್ತಿದ್ದರಂತೆ. ಚಿಕ್ಕಂದಿನಲ್ಲಿ ಇವರ ಕೈಯಲ್ಲಿ ಓಡಾಡಿದ್ದೂ ರೂಪಾಯಿಯೇ. ಒಮಾನಿನಲ್ಲಿ 1970ರವರೆಗೂ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ದೇಶಗಳಿಗೆಂದು ಹೊರಡಿಸಿದ ರೂಪಾಯಿ ನಡೆಯುತ್ತಿತ್ತು. ಅವರ ಮಾತಿನಲ್ಲೂ ನಮ್ಮ ಕಡೆಯ ಪದಗಳು ಉಳಿದಿವೆ. ಫ್ಯಾನಿಗೆ ಬಂಕಾ, ಚಪ್ಪಲಿಗೆ ಜೂತಿ, ನೇರ ಹೋಗು ಅನ್ನಲಿಕ್ಕೆ ಸೀದಾ. ಮಸ್ಕತ್ತಿನ ಟ್ಯಾಕ್ಸಿಯಲ್ಲಿ ಮೊದಲ ದಿನವೇ 'ಸೀದಾ ಸೀದಾ' ಕೇಳಿ ನಾನು ಬೆಪ್ಪಾಗಿದ್ದೆ.

ಸಂಜೆ ನಾಲ್ವರೂ ತಿರುಗಾಡಲಿಕ್ಕೆ ಹೊರಟೆವು. ಮಳೆ ಬಿಟ್ಟಿತ್ತು. ಬಂದರಿನ ಕಡೆ ಇಳಿಯುವ ಒಂದು ಓಣಿಯಲ್ಲಿ ಚಾದಂಗಡಿ. ಅಂಗಡಿಯವರು ಕುಂದಾಪುರದವರು ಅಂತ ಮೊದಲ ದಿನವೇ ಗೊತ್ತಾಗಿತ್ತು. ಒಂದೇ ವಾಕ್ಯ ಸಾಕಲ್ಲ ನಮ್ಮ ಕಡೆಯವರನ್ನು ಹಿಡಿಯಲಿಕ್ಕೆ. ಅಂಗಡಿಯ ಪಕ್ಕದಲ್ಲಿ ಹಳೇ ಕಟ್ಟಡದ ಗೋಡೆ. ಗೋಡೆಯ ಒಳಕ್ಕೆ ಕಮಾನಿನ ಹಾಗೆ ಒಂದು ಗೂಡು. ಗೂಡಿನ ಮೇಲೆ ಗಾರೆಯಲ್ಲಿ ಕೊರೆದ ಅಕ್ಷರ.

ಇಷ್ಟು ದಿನ ಅಲ್ಲೇ ಚಾ ಕುಡಿದಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದದ್ದು ಅಜ್ಜನಿಗೆ, ಹೊಸದಾಗಿ ನೋಡಲಿಕ್ಕೆ ಶುರುಮಾಡಿದ್ದ ಒಂದೇ ಕಣ್ಣಿಗೆ. "ಇದು ಹಿಂದಿಯಾ?" ಕೇಳಿದರು.

"ಅಲ್ಲ ಅಮ್ಮಿ. ಇದು ನನ್ನ ಭಾಷೆ."

"ಹಾಗಾದರೆ ಓದು."

ಓದು ಅಂದುಬಿಡುವುದು ಸುಲಭ. ಒಟ್ಟು ಐದು ಸಾಲು. ಕೆತ್ತಿದ ಗೆರೆಗಳೊಳಗೆ ತುಂಬಿದ್ದ ಕರಿ ಬಣ್ಣ ಬಹುತೇಕ ಹೋಗಿತ್ತು. ಮೇಲೆ ಎಷ್ಟೋ ಸಲ ಸುಣ್ಣ ಬಳಿದಿದ್ದರು. ನಡುವೆ ಅಂಗೈ ಅಗಲ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿತ್ತು. ತಲೆಯ ಮೇಲಿನ 'ಶ್ರೀ' ಮತ್ತು ಕೊನೆಯ ಸಾಲಿನ 'ಬಾಯಾ' ಮಾತ್ರ ಕೂಡಲೇ ಕಂಡಿತು.

ಅಂಗಡಿಯ ಅಣ್ಣ ಒದ್ದೆ ಬಟ್ಟೆ ತಂದರು. "ಒರೆಸಿದ್ರೆ ಕಾಣ್ತದೆ ಮಾರಾಯ್ರೆ." ನಾನು ಕೈ ಅಡ್ಡ ಹಿಡಿದೆ. ಸುಣ್ಣದ ಗಾರೆ ಹಳತಾದ ಮೇಲೆ ಹಪ್ಪಳದ ಹಾಗೆ. ಒದ್ದೆ ಮಾಡಿ ತಿಕ್ಕಿದರೆ ಅಕ್ಷರವೇ ಬಟ್ಟೆಗೆ ಅಂಟಿ ಬರುತ್ತದೆ. ಹಾಗಾದರೆ ಸೀಮೆಸುಣ್ಣದ ಪುಡಿ ಹಚ್ಚೋಣ ಅಂದರು. ಅದೂ ಬೇಡ ಅಂದೆ. ಪುಡಿ ಅಕ್ಷರದೊಳಗೆ ಹೋದ ಹಾಗೇ ಬಿರುಕಿನೊಳಗೂ ಹೋಗುತ್ತದೆ. ಆಮೇಲೆ ಬಿರುಕೂ ಒಂದು ಅಕ್ಷರದ ಹಾಗೆ ಕಂಡು, ಇಲ್ಲದ್ದನ್ನು ಓದಿಬಿಡುತ್ತೇವೆ. ಶಾಸನ ಓದುವವರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಕಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಪ್ರತಿ ತೆಗೆಯುತ್ತಾರೆ. ಕಲ್ಲು ಅದನ್ನು ತಾಳುತ್ತದೆ, ಈ ಗಾರೆ ತಾಳುವುದಿಲ್ಲ.

ಉಳಿದ ದಾರಿ ಒಂದೇ, ಬೆಳಕು. ಎದುರಿನಿಂದ ಟಾರ್ಚ್ ಬಿಟ್ಟರೆ ಏನೂ ಕಾಣುವುದಿಲ್ಲ, ಗೋಡೆ ಬರೀ ಬೆಳ್ಳಗಾಗುತ್ತದೆ. ಟಾರ್ಚನ್ನು ಗೋಡೆಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಬೇಕು. ಆಗ ತಗ್ಗಿನಲ್ಲಿ ನೆರಳು ಬೀಳುತ್ತದೆ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಕೆಳಗಿನಿಂದ ಒಮ್ಮೆ. ಅಡ್ಡ ಗೆರೆ ಒಂದರಲ್ಲಿ ಕಂಡರೆ ಉದ್ದ ಗೆರೆ ಇನ್ನೊಂದರಲ್ಲಿ. ಕೊರೆದದ್ದಕ್ಕೂ ಬಿರುಕಿಗೂ ವ್ಯತ್ಯಾಸ ಅಲ್ಲೇ ಗೊತ್ತಾಗುವುದು. ಕೊರೆದ ಗೆರೆ ಒಂದೇ ಅಗಲ ಇರುತ್ತದೆ, ತುದಿ ಮೊಂಡು. ಬಿರುಕು ಹೋಗ್ತಾ ಹೋಗ್ತಾ ಸಣ್ಣಗಾಗುತ್ತದೆ. ಮೊಮ್ಮಗ ಮೊಬೈಲಿನ ಟಾರ್ಚ್ ಹಿಡಿದ, ಗೆಳೆಯ ತನ್ನ ಮೊಬೈಲಿನಲ್ಲಿ ಫೋಟೋ ತೆಗೆದ, ನಾನು ಹಳೇ ಬಿಲ್ಲಿನ ಹಿಂದೆ ಅಕ್ಷರ ಬರೆದುಕೊಂಡೆ.

ಮೂರನೇ ಸಾಲಿನಲ್ಲೇ ಎಡವಿದೆ. 'ಅಕ್ಕ ಮಾಡಿಸಿದ ಅರವತ್ತಿಗೆ' ಅಂತ ಓದಿ, ಅಜ್ಜನಿಗೆ ಗಂಭೀರವಾಗಿ "ಸಿತ್ತೀನ್" ಅಂದುಬಿಟ್ಟೆ. ಅರವತ್ತು.

"ಅರವತ್ತು ಏನು? ರೂಪಾಯಿಯಾ?"

ಇರಬಹುದು ಅಂದೆ. ಅಂಗಡಿಯ ಅಣ್ಣ ನಕ್ಕರು. "ಅರವತ್ತಲ್ಲ ಮಾರಾಯ್ರೆ. ಕೆಳಗೆ ಎಂತ ಉಂಟು ಕಾಣಿ." ಗೂಡಿನ ಕೆಳಗೆ ಸವೆದ ಕಲ್ಲಿನ ತೊಟ್ಟಿ, ಅದರ ಮೇಲೆ ನಲ್ಲಿ ಇದ್ದ ತೂತು. "ಇದು ಪಾಣಪೋಯಿ ಅಲ್ದಾ? ನೀರು ಕುಡಿಯುವ ಜಾಗ."

ತ್ತಿ ಅಲ್ಲ, ಟ್ಟಿ. ಅರವಟ್ಟಿಗೆ.

ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಕನ್ನಡದ ಇಷ್ಟು ಒಳ್ಳೇ ಪದ ಕಣ್ಣೆದುರಿಗಿದೆ, ನಾನು ಲೆಕ್ಕ ಬರೆಯುವವನು, ಅಂಕಿ ಓದಿದೆ. ಮುಂಬೈಯಲ್ಲಿ ಇದನ್ನು ಮರಾಠಿಯವರು ಪಾಣಪೋಯಿ ಅನ್ನುತ್ತಾರೆ, ಉಳಿದವರು ಪ್ಯಾವ್. ಈ ಊರಿನ ತುಂಬ ಹಳೇ ಪ್ಯಾವ್‌ಗಳಿವೆ. ಹೆಚ್ಚಿನವು ವ್ಯಾಪಾರಿಗಳು ತೀರಿಹೋದ ತಮ್ಮವರ ನೆನಪಿಗೆ ಕಟ್ಟಿಸಿದ್ದು. ಫೋರ್ಟಿನಲ್ಲೇ ಇರುವ ಮೂಲ್ಜಿ ಜೇಠಾ ಕಾರಂಜಿಯ ತುದಿಯಲ್ಲಿ ಪುಸ್ತಕ ಓದುತ್ತಾ ಕೂತ ಒಬ್ಬ ಹುಡುಗನ ಮೂರ್ತಿ ಇದೆ. ಅಪ್ಪ ತೀರಿಹೋದ ಮಗನಿಗೆ ಮಾಡಿಸಿದ್ದು. ಆದರೆ ಅವೆಲ್ಲ ದೊಡ್ಡವರ ಕೆಲಸ, ಕೆತ್ತಿದ ಕಲ್ಲಿನದ್ದು. ಇದು ಗಾರೆಯದ್ದು.

ಅರವಟ್ಟಿಗೆ ಅನ್ನುವುದನ್ನು ಅರಬ್ಬಿಗೆ ತರಲಿಕ್ಕೆ ಒಂದು ಕ್ಷಣವೂ ಬೇಕಾಗಲಿಲ್ಲ. "ಸಬೀಲ್" ಅಂದೆ. ಅಜ್ಜ "ಆಹ್" ಅಂದರು.

ಈ ಪದ ನನಗೆ ಪುಸ್ತಕದಿಂದ ಬಂದದ್ದಲ್ಲ. ಮಸ್ಕತ್ತಿನ ಬೇಸಿಗೆಯಲ್ಲಿ 45 ಡಿಗ್ರಿ ಬಿಸಿಲಿಗೆ ಸೈಟಿನಿಂದ ಸೈಟಿಗೆ ನಡೆದಾಗ ಮನೆಗಳ ಕಾಂಪೌಂಡಿನ ಹೊರಗೆ, ಮಸೀದಿಯ ಪಕ್ಕ, ಸ್ಟೀಲಿನ ಕೂಲರ್ ಇರುತ್ತದೆ. ಮೇಲೆ 'ಸಬೀಲ್' ಅಂತ ಬರೆದಿರುತ್ತದೆ, ಸರಪಳಿ ಕಟ್ಟಿದ ಲೋಟ. ಯಾರು ಇಟ್ಟದ್ದು ಅಂತ ನಾನು ಒಮ್ಮೆಯೂ ಕೇಳಿಲ್ಲ, ಕುಡಿದಿದ್ದೇನೆ. ಸಬೀಲ್ ಅಂದರೆ ಮೂಲದಲ್ಲಿ ದಾರಿ. ದೇವರ ದಾರಿಯಲ್ಲಿ ಕೊಟ್ಟದ್ದು ಅನ್ನುವ ಮಾತಿನಿಂದ ಬಂದು, ಕೊನೆಗೆ ದಾರಿಬದಿಯ ನೀರಿಗೇ ಆ ಹೆಸರು ನಿಂತಿತು. ನಮ್ಮ ಪದದ ಕಥೆಯೂ ಹತ್ತಿರ ಹತ್ತಿರ ಹಾಗೇ. ಹಳೆಗನ್ನಡದಲ್ಲಿ ಅಱ ಅಂದರೆ ಧರ್ಮ. ಶಾಸನಗಳಲ್ಲಿ ಅಱವಂಟಿಗೆ ಅಂತಲೂ ಬರುತ್ತದೆ. ಧರ್ಮಕ್ಕೆ ಅಂತ ಇಟ್ಟ ನೀರು.

ಇನ್ನು ಎರಡನೇ ಸಾಲು, ತಾರೀಕು. ಇದರಲ್ಲಿ ನಾವು ಅರ್ಧ ಗಂಟೆ ಸಿಕ್ಕಿಬಿದ್ದೆವು. ಕಂಡದ್ದು ಇಷ್ಟು: 'ಶಾ. ಶ. ೧೮', ಆಮೇಲೆ ೬ ಅಥವಾ ೯, ಆಮೇಲೆ ಗಾರೆ ಕಿತ್ತ ಜಾಗ. ಕನ್ನಡದ ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಬಾಲದಲ್ಲಿ, ಆ ಬಾಲವೇ ಸವೆದಿತ್ತು. ಮುಂದೆ 'ಪ್ರಮಾ', ಒಂದು ಮಸುಕು ಅಕ್ಷರ, 'ಸಂ. ವೈಶಾಖ ಶು. ೩ ಶನಿವಾರ'.

ಶಾಲಿವಾಹನ ಶಕೆಗೆ 78 ಸೇರಿಸಿದರೆ ಈಗಿನ ಇಸವಿ. ೧೮೬ ಆದರೆ 1938ರಿಂದ 1947ರೊಳಗೆ. ೧೮೯ ಆದರೆ 1968ರಿಂದ 1977ರೊಳಗೆ. ಕೊನೆಯ ಅಂಕಿ ಹೋದರೂ ಪರವಾಗಿಲ್ಲ, ಸಂವತ್ಸರದ ಹೆಸರಿದೆಯಲ್ಲ. ಹೆಸರುಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಹತ್ತು ವರ್ಷದ ಒಳಗೆ ಒಂದು ಹೆಸರು ಒಂದೇ ಸಲ ಬರಲಿಕ್ಕೆ ಸಾಧ್ಯ. ಅಷ್ಟು ಹೊತ್ತಿಗೆ ನಾನು ದೊಡ್ಡ ಪಂಡಿತನ ಹಾಗೆ ಮುಖ ಮಾಡಿಕೊಂಡಿದ್ದೆ.

ಎಡವಟ್ಟು ಆಮೇಲೆ ಗೊತ್ತಾಯಿತು. ಮೊದಲ ಹತ್ತರಲ್ಲಿ ಪ್ರಮಾಥಿ ಇದೆ, 1939. ಎರಡನೇ ಹತ್ತರಲ್ಲಿ ಪ್ರಮಾದೀಚ ಇದೆ, 1973. ಎರಡೂ 'ಪ್ರಮಾ'. ಥ ಮತ್ತು ದ, ನಡುವಿನ ಚುಕ್ಕಿಯೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ಒಂದೇ ಬಳುಕು. 34 ವರ್ಷದ ವ್ಯತ್ಯಾಸ ಒಂದು ಚುಕ್ಕಿಯ ಮೇಲೆ ನಿಂತಿತ್ತು.

ವಾರ ನೋಡಿ ಬಗೆಹರಿಸೋಣ ಅಂದುಕೊಂಡೆ. ಶಾಸನದ ತಾರೀಕು ಸರಿಯೇ ಅಂತ ಪರೀಕ್ಷೆ ಮಾಡಲಿಕ್ಕೆ ತಿಥಿಗೂ ವಾರಕ್ಕೂ ತಾಳೆ ನೋಡುವುದು ಹಳೇ ಉಪಾಯ. ವೈಶಾಖ ಶುದ್ಧ ತದಿಗೆ ಅಂದರೆ ಅಕ್ಷಯ ತೃತೀಯ. ಬಂಗಾರದಂಗಡಿಯವರು ಅದನ್ನು ಹಿಡಿದುಕೊಳ್ಳುವ ಮೊದಲು ಅದು ನೀರಿನ ಕೊಡ ದಾನ ಕೊಡುವ ದಿನವಾಗಿತ್ತು. ಮೊಬೈಲಿನ ಪಂಚಾಂಗದಲ್ಲಿ ಹುಡುಕಿದೆ. 1939ರಲ್ಲಿ ಏಪ್ರಿಲ್ 22, ಶನಿವಾರ. 1973ರಲ್ಲಿ ಮೇ 5, ಅದೂ ಶನಿವಾರ! ವಾರವೂ ಕೈ ಕೊಟ್ಟಿತು.

ಕೊನೆಗೆ ಮೊಮ್ಮಗನಿಗೆ ಟಾರ್ಚನ್ನು ಆ ಒಂದು ಅಕ್ಷರದ ಕೆಳಗಿನಿಂದ, ಗೋಡೆಗೆ ಅಂಟಿಸಿ ಹಿಡಿಯಲು ಹೇಳಿದೆ. ಸ್ವಲ್ಪ ಎಡಕ್ಕೆ. ಇನ್ನೂ ಕೆಳಗೆ. ಸುಣ್ಣದ ಪದರದ ಅಡಿಯಲ್ಲಿ ಮೊಳೆ ಚುಚ್ಚಿದಂಥ ಒಂದು ಗುಳಿ, ಅದರೊಳಗೆ ನೆರಳು.

"ನುಖ್ತಾ!" ಅಂತ ಹುಡುಗ ಕೂಗಿದ. ಚುಕ್ಕಿ.

ಬಣ್ಣದಲ್ಲಿ ಮಾತ್ರ ಬರೆದಿದ್ದರೆ ಆ ಚುಕ್ಕಿ ಯಾವಾಗಲೋ ಹೋಗಿರುತ್ತಿತ್ತು. ಗಾರೆ ಹಸಿ ಇದ್ದಾಗ ಮೊಳೆಯಲ್ಲೋ ಕಡ್ಡಿಯಲ್ಲೋ ಚುಚ್ಚಿದ್ದರಿಂದ ಉಳಿಯಿತು. ಬರೀ ಒಂದು ಗುಳಿಯನ್ನೇ ನಂಬುವುದೂ ತಪ್ಪು, ಗಾಳಿಗುಳ್ಳೆ ಒಡೆದರೂ ಗಾರೆಯಲ್ಲಿ ಗುಳಿ ಬೀಳುತ್ತದೆ. ಅದಕ್ಕೇ ಪಕ್ಕದ ಜಾಗ ನೋಡಿದೆ. ಆ ಅಕ್ಷರವಾದ ಕೂಡಲೇ 'ಸಂ.' ಶುರುವಾಗುತ್ತದೆ. ಪ್ರಮಾದೀಚ ಆಗಿದ್ದರೆ ನಡುವೆ ದೀರ್ಘಕ್ಕೂ ಚ ಅಕ್ಷರಕ್ಕೂ ಜಾಗ ಬೇಕಿತ್ತು. ಇಲ್ಲ. ಪ್ರಮಾಥಿಯೇ. ಅಂದ ಮೇಲೆ ಅಂಕಿ ಆರೇ, ಕಿತ್ತುಹೋದದ್ದು ಒಂದು. ಶಕೆ 1861.

ಹುಡುಗರಿಗೆ ಈ ಚುಕ್ಕಿಯ ವಿಷಯ ವಿವರಿಸಬೇಕಾಗಲೇ ಇಲ್ಲ. ಅವರ ಲಿಪಿಯಲ್ಲಿ ಬ, ತ, ಥ ಮೂರಕ್ಕೂ ಒಂದೇ ದೋಣಿ. ಕೆಳಗೆ ಒಂದು ಚುಕ್ಕಿ ಇಟ್ಟರೆ ಬ, ಮೇಲೆ ಎರಡು ಇಟ್ಟರೆ ತ, ಮೂರಾದರೆ ಥ. ಬಹಳ ಹಿಂದೆ ಚುಕ್ಕಿಗಳನ್ನು ಹಾಕದೇ ಬರೆಯುತ್ತಿದ್ದರು, ಓದುವವನು ಊಹಿಸಿಕೊಳ್ಳಬೇಕಿತ್ತು. "ನಮ್ಮ ಅಜ್ಜಂದಿರು ನಿನ್ನ ಗೋಡೆಯನ್ನೂ ಓದುತ್ತಿದ್ದರು" ಅಂದರು ಅಜ್ಜ.

ಇಸವಿ ಸಿಕ್ಕಿತು. ಆದರೆ 1939 ಅಂದರೆ ಸಾಲದು ಅಜ್ಜನಿಗೆ. ಅವರಿಗೆ ಹಿಜರಿ ಬೇಕು. ಲೆಕ್ಕ ಬಾಯಲ್ಲೇ ಆಗುತ್ತದೆ. 1939ರಿಂದ 622 ಕಳೆದರೆ 1317. ಅವರ ವರ್ಷ ಚಿಕ್ಕದು, ನಮ್ಮ 32 ವರ್ಷಕ್ಕೆ ಅವರದ್ದು ಸುಮಾರು 33. ಅದಕ್ಕೆ 1317ನ್ನು 32ರಿಂದ ಭಾಗಿಸಿ, ಬಂದ 41ನ್ನು ಮತ್ತೆ ಸೇರಿಸಬೇಕು. 1358.

ತಿಂಗಳು, ದಿನ ನೋಡುವಾಗ ಮಾತ್ರ ನನಗೇ ಖುಷಿಯಾಯಿತು. ನಮ್ಮ ವೈಶಾಖವೂ ಚಂದ್ರನ ತಿಂಗಳು, ಅವರದ್ದೂ ಚಂದ್ರನ ತಿಂಗಳು. ನಾವು ಅಮಾವಾಸ್ಯೆ ಮುಗಿದ ಕೂಡಲೇ ಪಾಡ್ಯ ಅನ್ನುತ್ತೇವೆ, ಅವರು ಎಳೆ ಚಂದ್ರ ಕಣ್ಣಿಗೆ ಬಿದ್ದ ಮೇಲೆ ಒಂದು ಅನ್ನುತ್ತಾರೆ. ಆದ್ದರಿಂದ ನಮ್ಮ ತದಿಗೆ ಅವರ ಲೆಕ್ಕದಲ್ಲಿ ಒಂದೋ ಎರಡೋ ಆಗುತ್ತದೆ, ಅಷ್ಟೇ. ಮೊಮ್ಮಗನ ಮೊಬೈಲು ರಬೀಉಲ್ ಅವ್ವಲ್ 2 ಅಂತ ತೋರಿಸಿತು, ಅವರ ಪ್ರವಾದಿ ಹುಟ್ಟಿದ ತಿಂಗಳು. ಪ್ರತಿ ವರ್ಷ ಹೀಗೆ ಹೊಂದುವುದಿಲ್ಲ. ನಾವು ಎರಡು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಸೇರಿಸಿ ವೈಶಾಖವನ್ನು ಬೇಸಿಗೆಯಲ್ಲೇ ಕಟ್ಟಿ ಹಾಕುತ್ತೇವೆ. ಅವರು ಸೇರಿಸುವುದಿಲ್ಲ, ತಿಂಗಳು ಋತುವಿನಿಂದ ಋತುವಿಗೆ ಜಾರುತ್ತದೆ. ತಿಂಗಳ ಹೆಸರು ಬದಲಾದರೂ ಆಕಾಶದಲ್ಲಿ ಚಂದ್ರ ಮಾತ್ರ ಅಷ್ಟೇ ಸಣ್ಣ.

ಮೂರನೇ ಸಾಲಿಗೆ ವಾಪಸ್ ಬಂದೆವು. 'ಇವನ ಜ್ಞಾಪಕಾರ್ಥ ಅಕ್ಕ ಮಾಡಿಸಿದ ಅರವಟ್ಟಿಗೆ.' ಇವನ ಅನ್ನುವುದರ ಹಿಂದೆ ಹೆಸರಿತ್ತು. ಗಾರೆ ಕಿತ್ತದ್ದು ಅಲ್ಲಿಂದಲೇ ಶುರು. ಒಂದು ಅಕ್ಷರವೂ ಇಲ್ಲ.

ನಾನು "ಉಖ್ತ್" ಅಂದೆ. ಅಷ್ಟರಲ್ಲೇ ಅರ್ಧ ವಾಕ್ಯ ಸೋರಿಹೋಯಿತು. ಉಖ್ತ್ ಅಂದರೆ ಸಹೋದರಿ, ಅಕ್ಕನೂ ಆಗಬಹುದು, ತಂಗಿಯೂ ಆಗಬಹುದು. ಅಕ್ಕ ಅನ್ನಬೇಕಾದರೆ 'ಉಖ್ತ್ ಕುಬ್ರಾ', ದೊಡ್ಡ ಸಹೋದರಿ ಅನ್ನಬೇಕು. ಅದು ಸರಿ, ಆದರೆ ಜನನ ಪ್ರಮಾಣಪತ್ರದ ಹಾಗೆ ಕೇಳುತ್ತದೆ. ನಮ್ಮ ಅಕ್ಕ ಅನ್ನುವುದರಲ್ಲಿ ಎತ್ತಿಕೊಂಡು ತಿರುಗಿದ ಸೊಂಟ ಇದೆ. ಇನ್ನು 'ಇವನ'. ಸತ್ತವರಿಗೆ ಕಟ್ಟಿಸಿದ ಕಲ್ಲುಗಳಲ್ಲಿ ನಾವು 'ಇವರ' ಅಂತ ಬರೆಯುವುದು ವಾಡಿಕೆ. ಅಕ್ಕ ಬರೆಸಿದ್ದರಿಂದ ಇವನ. ತಮ್ಮ ಚಿಕ್ಕವನು, ಸತ್ತ ಮೇಲೂ ಬಹುವಚನಕ್ಕೆ ಏರಲಿಲ್ಲ. ಅರಬ್ಬಿಯಲ್ಲಿ ಇದನ್ನು ತರಲಿಕ್ಕೆ ನನ್ನಿಂದ ಆಗಲಿಲ್ಲ. ಬಾಯಿಮಾತಿನಲ್ಲಿ ಬಿಡಿಸಿ ಹೇಳಿದೆ. ಅಜ್ಜ ಕೇಳಿ, "ಅವನು ಇಲ್ಲಿ ಏನು ಮಾಡುತ್ತಿದ್ದ?" ಅಂದರು.

ಅದಕ್ಕೆ ಉತ್ತರ ಗೋಡೆಯಲ್ಲಿ ಇರಲಿಲ್ಲ. ಅಂಗಡಿಯ ಅಣ್ಣ ತಾವು ಕೇಳಿದ್ದನ್ನು ಹೇಳಿದರು. ಮೇಲಿನ ಮಾಳಿಗೆಯಲ್ಲಿ ಒಂದು ಕಾಲಕ್ಕೆ ನಮ್ಮ ಕಡೆಯ ಹೋಟೆಲ್ ಹುಡುಗರು ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದರಂತೆ. ಲೋಟ ತೊಳೆಯುವ, ಟೇಬಲ್ ಒರೆಸುವ ಹುಡುಗರು. ಊರಿನಿಂದ ಹಡಗಿನಲ್ಲಿ ಬಂದವರು. ಅವರಲ್ಲೊಬ್ಬನಿರಬೇಕು. "ಇರಬೇಕು ಅಷ್ಟೇ. ನಂಗೆ ಹೇಳಿದವರೂ ಕಂಡವರಲ್ಲ" ಅಂತ ಸೇರಿಸಿದರು. ಆ ಮಾತು ನನಗೆ ಇಷ್ಟವಾಯಿತು.

'ಜ್ಞಾಪಕಾರ್ಥ'ವನ್ನು ನಾನು ನೆನಪಿಗೆ ಅಂತ ಅನುವಾದಿಸಿದೆ, 'ಜಿಕ್ರಾ'. ಅಜ್ಜ ಒಪ್ಪಲಿಲ್ಲ. ನೆನಪು ಉಳಿದವರ ಕೆಲಸ. ಸಬೀಲಿನ ಮೇಲೆ ಬರೆಯುವುದು 'ಸದಖಾ ಜಾರಿಯಾ' ಅಂತ, ಹರಿಯುತ್ತಲೇ ಇರುವ ದಾನ. ಒಬ್ಬರ ಆತ್ಮದ ಪರವಾಗಿ. ಯಾರೋ ಕುಡಿದಾಗಲೆಲ್ಲ ಸತ್ತವನ ಖಾತೆಗೆ ಪುಣ್ಯ ಜಮೆ. ಗೋಡೆಯಲ್ಲಿ ಅಷ್ಟು ಬರೆದಿಲ್ಲ ಅಂದೆ. "ಬರೆದಿಲ್ಲ, ಆದರೆ ನಲ್ಲಿ ಯಾಕೆ ಇಟ್ಟಳು? ನೆನಪಿಗೆ ಕಲ್ಲು ಸಾಕಾಗಿತ್ತಲ್ಲ" ಅಂದರು. ಈ ವಾದದಲ್ಲಿ ನಾನು ಸೋತೆ. ಅನುವಾದ ಮಾಡುವವನು ಗೋಡೆಯಲ್ಲಿ ಇಲ್ಲದ್ದನ್ನು ಸೇರಿಸಬಾರದು ಅಂತ ಈಗಲೂ ನನ್ನ ಅಭಿಪ್ರಾಯ. ಆದರೂ ಸೋತೆ.

ನಾಲ್ಕನೇ ಸಾಲು ಸಲೀಸು. 'ದಣಿದವರು ಕೂತು ಕುಡಿಯಿರಿ.' ಅರಬ್ಬಿಯಲ್ಲಿ ಕುಡಿ ಅನ್ನಲಿಕ್ಕೆ ಗಂಡಿಗೊಂದು, ಹೆಣ್ಣಿಗೊಂದು, ಇಬ್ಬರಿಗೊಂದು, ಹೆಚ್ಚು ಜನಕ್ಕೊಂದು ರೂಪ. 'ಇಶ್ರಬೂ' ಅಂತ ಬಹುವಚನ ಹಾಕಿದೆ. ಕನ್ನಡದ ಕುಡಿಯಿರಿ ಒಬ್ಬನೇ ಬಂದರೂ ಮರ್ಯಾದೆ ಕೊಡುತ್ತದೆ, ಆ ಒಂದು ಎಳೆ ತಪ್ಪಿತು. ಹೋಗಲಿ.

ಕೊನೆಯ ಸಾಲಿನಲ್ಲಿ ನಾನು ಸರಿಯಾಗಿ ಬಿದ್ದೆ. 'ಬಾಯಾರಿಕೆಗೆ ಮಡಿಯಿಲ್ಲ.'

ಮಡಿ ಅಂದರೆ ಶುದ್ಧಿ ಅಂದುಕೊಂಡು 'ತಹಾರಾ' ಅಂತ ಹಾಕಿದೆ. ಅರಬ್ಬಿಯಲ್ಲಿ ನನ್ನ ವಾಕ್ಯ 'ಬಾಯಾರಿಕೆಗೆ ಶುದ್ಧಿ ಇಲ್ಲ' ಅಂತಾಯಿತು. ಹುಡುಗರು ಮುಖ ಮುಖ ನೋಡಿಕೊಂಡರು. ಬಾಯಾರಿಕೆ ಕೊಳಕು ಅಂತಾನಾ ಇವನು? ಅಜ್ಜ ಮಾತ್ರ ತಲೆ ಅಲ್ಲಾಡಿಸಿದರು. "ಸರಿ, ಸರಿ. ಇದು ನಮ್ಮಲ್ಲೂ ಇದೆ." ಮರುಭೂಮಿಯಲ್ಲಿ ಕುಡಿಯಲಿಕ್ಕೆ ಸಾಲುವಷ್ಟೇ ನೀರಿದ್ದರೆ ನಮಾಜಿನ ಮೊದಲು ಕೈಕಾಲು ತೊಳೆದು ನೀರು ಮುಗಿಸಬಾರದು. ಶುದ್ಧ ಮಣ್ಣು ಮುಟ್ಟಿ ತಯಮ್ಮುಮ್ ಮಾಡಿದರೆ ಸಾಕು. ನೀರು ಬಾಯಾರಿದವನಿಗೆ. "ಬಾಯಾರಿಕೆ ಇರುವಾಗ ಶುದ್ಧಿಯ ಲೆಕ್ಕ ಇಲ್ಲ, ಅದೇ ಅಲ್ಲವಾ?"

ಅಲ್ಲ. ಆದರೆ ಎಷ್ಟು ಚೆಂದದ ತಪ್ಪು! ಹೌದು ಅಂದುಬಿಡೋಣ ಅನ್ನಿಸಿತು, ನಿಜ ಹೇಳುತ್ತೇನೆ. ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೇಳುವುದಕ್ಕೆ ಸಂಕೋಚವೂ ಇತ್ತು. ನಮ್ಮ ಮನೆಯ ಹಳೇ ಮಾತನ್ನು ಪರ ಊರವರ ಎದುರು ಬಿಚ್ಚಿಡುವ ಸಂಕೋಚ.

ಬಿಚ್ಚಿಟ್ಟೆ. ಮಡಿ ಅಂದರೆ ಬರೀ ಕೊಳೆ ಇಲ್ಲದಿರುವುದಲ್ಲ ಅಮ್ಮಿ. ಯಾರು ಮುಟ್ಟಿದರು ಅನ್ನುವುದು ಅದರಲ್ಲಿ ಮುಖ್ಯ. ಸ್ನಾನ ಮಾಡಿ ಬಂದವನೇ ಆದರೂ ಅವನ ಹುಟ್ಟು ಕೇಳಿ ನೀರು ದೂರದಿಂದ ಹೊಯ್ಯುತ್ತಿದ್ದರು. ಅದೇ ಕಾಲದಲ್ಲಿ ರೈಲ್ವೆ ಸ್ಟೇಷನ್ನುಗಳಲ್ಲಿ ಹಿಂದೂ ನೀರು ಬೇರೆ, ಮುಸ್ಲಿಂ ನೀರು ಬೇರೆ ಅಂತ ಕೂಗಿ ಕೊಡುತ್ತಿದ್ದರು. ಈ ಗೋಡೆ ಬರೆಯುವುದಕ್ಕೆ 12 ವರ್ಷ ಮೊದಲು, 1927ರ ಮಾರ್ಚಿನಲ್ಲಿ, ಇಲ್ಲಿಂದ ದಕ್ಷಿಣಕ್ಕೆ ಮಹಾಡ್ ಅನ್ನುವ ಊರಿನಲ್ಲಿ ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಒಂದು ಕೆರೆಯ ನೀರು ಕುಡಿದರು. ಸರ್ಕಾರಿ ಕೆರೆಯೇ, ಪುರಸಭೆ ಎಲ್ಲರಿಗೂ ಅಂತ ನಿರ್ಣಯವನ್ನೂ ಮಾಡಿತ್ತು. ಆದರೂ ಕುಡಿದದ್ದಕ್ಕೆ ಹೊಡೆತ ತಿಂದರು. ಆಮೇಲೆ ಊರ ಮೇಲ್ಜಾತಿಯವರು ಕೆರೆಯನ್ನು ಶುದ್ಧಿ ಮಾಡಿಸಿದರು.

ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಊರಿನ ಫಲಜಿನ ವಿಷಯ ತೆಗೆದರು. ಬೆಟ್ಟದ ಬುಡದಿಂದ ಕಾಲುವೆಯಲ್ಲಿ ನೀರು ತಂದು ತೋಟಕ್ಕೆ ಹಂಚುವ ಪದ್ಧತಿ. ಹಂಚುವುದು ಹೊತ್ತಿನ ಲೆಕ್ಕದಲ್ಲಿ. ಒಂದು 'ಅಥರ್' ಅಂದರೆ ಸುಮಾರು ಅರ್ಧ ಗಂಟೆ, ಅದನ್ನು ಮಾರಬಹುದು, ಕೊಳ್ಳಬಹುದು, ಅದಕ್ಕೆ ಜಗಳವೂ ಆಗುತ್ತದೆ. ಆದರೆ ನೀರು ನೆಲದಿಂದ ಹೊರಗೆ ಕಾಣುವ ಮೊದಲ ಜಾಗ ಕುಡಿಯುವವರಿಗೆ. ಅಲ್ಲಿ ಯಾರಿಗೂ ಪಾಲು ಇಲ್ಲ, ಯಾರನ್ನೂ ಕೇಳುವಂತಿಲ್ಲ.

"ಹಾಗಾದರೆ ಹೀಗೆ ಬರಿ" ಅಂದರು. "ಅಲ್ ಅತಶ್ ಲಾ ಯಸ್‌ಅಲು ಮನ್ ಅನ್ತ." ಬಾಯಾರಿಕೆ ನೀನು ಯಾರು ಅಂತ ಕೇಳುವುದಿಲ್ಲ.

ಮಡಿ ಅನ್ನುವ ಪದ ಹೋಯಿತು. ಆ ಕಾಲದಲ್ಲಿ ಆ ಹೆಂಗಸು ಆ ಪದವನ್ನೇ ಗೋಡೆಯ ಮೇಲೆ ಕೊರೆಸಿದ ಧೈರ್ಯವೂ ಹೋಯಿತು. ಉಳಿದದ್ದು ಕೆಲಸ ಮಾಡುವ ಒಂದು ವಾಕ್ಯ. ನಾನು ಇನ್ನೂ ಎರಡು ಮೂರು ರೀತಿ ಪ್ರಯತ್ನಿಸಿದೆ, ಯಾವುದೂ ಇದರ ಹತ್ತಿರ ಬರಲಿಲ್ಲ.

ಮೊಮ್ಮಗ ಬಿಸ್ಕತ್ತಿನ ರಟ್ಟಿನ ಡಬ್ಬ ಕೇಳಿ ಹರಿದು, ಮಾರ್ಕರಿನಲ್ಲಿ ಐದು ಸಾಲು ಬರೆದ. ಒಳ್ಳೇ ಕೈಬರಹ. ಹೆಸರಿನ ಜಾಗದಲ್ಲಿ 'ಇಂಥವನು' ಅಂತ ಬರೆಯಲೇ ಅಂದ. ಅಜ್ಜ ಬೇಡ ಅಂದರು. ಅಲ್ಲಿ ಒಂದು ಬೆರಳಗಲ ಖಾಲಿ ಬಿಟ್ಟರು, ಗೋಡೆಯಲ್ಲಿ ಇದ್ದ ಹಾಗೇ.

ಈಗ ನಲ್ಲಿಯಲ್ಲಿ ನೀರಿಲ್ಲ. ತೊಟ್ಟಿಯೊಳಗೆ ಅಂಗಡಿಯ ಅಣ್ಣ 20 ಲೀಟರಿನ ಕ್ಯಾನ್ ಕೂರಿಸಿದ್ದಾರೆ, ಚಾ ಕುಡಿಯದವರೂ ಬಂದು ಕುಡಿದು ಹೋಗುತ್ತಾರೆ. ಅವರು ಒಂದು ಲೋಟ ತುಂಬಿಸಿ ಅಜ್ಜನಿಗೆ ಕೊಟ್ಟರು. ಅಜ್ಜ ಕೂತು, ಮೂರು ಗುಟುಕಿನಲ್ಲಿ ಕುಡಿದರು. ಹುಡುಗರಿಬ್ಬರೂ "ಹನೀಅನ್" ಅಂದರು. ನೀರು ಕುಡಿದವರಿಗೆ ಅವರಲ್ಲಿ ಹಾಗೆ ಅನ್ನುತ್ತಾರೆ, ಹಿತವಾಗಲಿ ಅಂತ.

ಅಣ್ಣ ರಟ್ಟನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಕ್ಯಾನಿನ ಹಿಂದೆ, ಗೋಡೆಗೆ ಒರಗಿಸಿ ಇಟ್ಟರು. ಮತ್ತೆ ತೆಗೆದು ಹುಡುಗನ ಕೈಗೆ ಕೊಟ್ಟು ನನಗೆ ಅಂದರು, "ಅಡಿಯಲ್ಲಿ ಇನ್ನೊಂದು ಸಾಲು ಹಾಕ್ಲಿಕ್ಕೆ ಹೇಳಿ. ಕುಡಿದ ಮೇಲೆ ಲೋಟ ತೊಳೆದು ಇಡಿ ಅಂತ. ಇವ್ರ ಕಡೆಯವ್ರು ಮಳೆಗಾಲದಲ್ಲಿ ತುಂಬಾ ಬರ್ತ್ರು."